ಖೋ ಕಥೆಗೆ ಮಂಗಳ ಹಾಡುವುದು: ಯಾವಾಗ, ಯಾವ ಕ್ರಮದಲ್ಲಿ

ಐದಾರು ಜನ ಸರದಿಯ ಮೇಲೆ ಬರೆಯುವ ಖೋ ಕಥೆಗಳು ಹೆಚ್ಚಾಗಿ ಎರಡೇ ರೀತಿಯಲ್ಲಿ ಕೆಡುತ್ತವೆ. 20ನೇ ಕಂತಿನ ಹೊತ್ತಿಗೆ ಮುಂದಿನದನ್ನು ಬರೆಯಲು ಯಾರಿಗೂ ಮನಸ್ಸಾಗದೆ ಕಥೆ ನಿಂತಲ್ಲೇ ನಿಂತುಬಿಡುತ್ತದೆ. ಇಲ್ಲವೇ ಯಾರೋ ಒಬ್ಬರು ಬೇಸತ್ತು, ಒಂದೇ ಕಂತಿನಲ್ಲಿ ಘಾಟಿಯಲ್ಲಿ ಬಸ್ಸು ಉರುಳಿಸಿ ಅರ್ಧ ಪಾತ್ರಗಳನ್ನು ಸಾಯಿಸಿ, ಉಳಿದರ್ಧಕ್ಕೆ ಮದುವೆ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ಎರಡಕ್ಕೂ ಮೂಲ ಒಂದೇ. ಮುಗಿಸುವುದೆಂದರೆ ಕೊನೆಯ ಕಂತು ಬರೆಯುವುದು ಅಂದುಕೊಂಡಿರುತ್ತಾರೆ. 20–25 ಕಂತು ಓಡಿದ ಕಥೆಯನ್ನು ಮುಗಿಸಲು ಐದಾರು ಕಂತು ಬೇಕು, ಅದಕ್ಕೂ ಮುಂಚೆ ಒಂದು ವಾರದ ಲೆಕ್ಕಾಚಾರ ಬೇಕು.

ಮೈದಾನದ ಖೋ ಖೋದಲ್ಲಿ ಒಂದು ಸರದಿಗೆ 9 ನಿಮಿಷ ಎಂದು ನಿಗದಿಯಿದೆ, ಶಿಳ್ಳೆ ಊದಿದರೆ ಎಲ್ಲರೂ ನಿಲ್ಲುತ್ತಾರೆ. ಕಥೆಯ ಖೋದಲ್ಲಿ ಶಿಳ್ಳೆ ಊದುವವರಿಲ್ಲ. ಬರೆಯುವವರೇ ಆ ಕೆಲಸವನ್ನೂ ಮಾಡಿಕೊಳ್ಳಬೇಕು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಮಾದರಿ ಕಥೆ ಇಟ್ಟುಕೊಳ್ಳೋಣ. ಐದು ಜನ ಬರೆಯುತ್ತಿದ್ದಾರೆ, 23 ಕಂತು ಆಗಿದೆ, ಕಂತಿಗೆ ಸುಮಾರು 700 ಪದ. ಶಿರಸಿ ಕಡೆಯ ಒಂದು ಅಡಿಕೆ ತೋಟದ ಮನೆ. ಯಜಮಾನರು ತೀರಿಕೊಂಡಿದ್ದಾರೆ. ಹಿರಿಮಗ ಗಣಪತಿ ಮನೆಯಲ್ಲೇ ಉಳಿದು ತೋಟ ನೋಡಿಕೊಂಡವನು, ಕಿರಿಯವನು ಶ್ರೀಧರ ಬೆಂಗಳೂರಿನಲ್ಲಿ. ಇಬ್ಬರ ನಡುವೆ ಮಾತಿಲ್ಲ. ಮಗಳು ವೀಣಾ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಅಮ್ಮ ಸಾವಿತ್ರಿ ಒಳಗೂ ಇಲ್ಲ, ಹೊರಗೂ ಇಲ್ಲ ಎಂಬಂತೆ ಇದ್ದಾರೆ. ಮೊದಲ ಕಂತು ಶುರುವಾಗಿದ್ದು ಯಜಮಾನರ ಹದಿಮೂರನೇ ದಿನದ ಊಟದ ಎಲೆ ಎತ್ತುವಾಗ ಹುಟ್ಟಿದ ಮಾತಿನಿಂದ: ಇನ್ನು ಮನೆ ಪಾಲಾಗುತ್ತದೋ, ಉಳಿಯುತ್ತದೋ?

## ಬೇಕಾಗುವ ಸಾಮಾನು

ಎಲ್ಲ ಕಂತುಗಳೂ ಒಂದೇ ಕಡತದಲ್ಲಿ ಇರಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯುತ್ತಿದ್ದರೆ ಮೊದಲು ಅಷ್ಟನ್ನೂ ಒಂದು ಗೂಗಲ್ ಡಾಕ್‌ಗೆ ತಂದು, ಕಂತಿನ ಸಂಖ್ಯೆ ಮತ್ತು ಬರೆದವರ ಹೆಸರು ಹಾಕಿ. ಗುಂಪಿನಲ್ಲಿ ಮೇಲೆ ಕೆಳಗೆ ಜಾರಿಸುತ್ತಾ ಓದಿದರೆ ಹಳೆಯ ಎಳೆಗಳು ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು, ಎಳೆಗಳ ಪಟ್ಟಿ ಬರೆಯಲು ಒಂದು ಶೀಟ್ ಅಥವಾ ಗೆರೆ ಎಳೆದ ನೋಟ್‌ಬುಕ್. ಜೊತೆಗೆ ಕಥೆಯನ್ನು ಓದುತ್ತಾ ಬಂದಿರುವ, ಆದರೆ ಒಂದು ಸಾಲನ್ನೂ ಬರೆಯದ ಒಬ್ಬ ಓದುಗ. ಇವರ ಕೆಲಸ ಕೊನೆಯಲ್ಲಿ. ಆದರೆ ಈಗಲೇ ಕೇಳಿಟ್ಟುಕೊಳ್ಳಿ, ಮತ್ತು ನಿಮ್ಮ ಚರ್ಚೆಯಿಂದ ಅವರನ್ನು ದೂರ ಇಡಿ.

## 1. ದಣಿವೋ, ಮುಗಿತಾಯವೋ ಮೊದಲು ನೋಡಿ

ಬರೆಯುವವರು ದಣಿದರೆ ಕಥೆ ಮುಗಿಯಿತು ಎಂದಲ್ಲ. ಕಥೆ ಮುಗಿದರೆ ಬರೆಯುವವರಿಗೆ ಗೊತ್ತಾಗುತ್ತದೆ ಎಂದೂ ಅಲ್ಲ. ಎರಡರ ಲಕ್ಷಣಗಳೂ ಬೇರೆ.

ದಣಿವಿನ ಲಕ್ಷಣ ಕಥೆಯ ಹೊರಗೆ ಕಾಣುತ್ತದೆ. ಮೂರು ದಿನಕ್ಕೆ ಬರುತ್ತಿದ್ದ ಕಂತು ಹತ್ತು ದಿನಕ್ಕೆ ಬರುತ್ತದೆ, 700 ಪದ 350ಕ್ಕೆ ಇಳಿಯುತ್ತದೆ, ‘ಈ ಸಲ ನನ್ನನ್ನು ಬಿಟ್ಟು ಮುಂದೆ ಹೋಗಿ’ ಎಂಬ ಮಾತು ಹೆಚ್ಚುತ್ತದೆ. ಆದರೆ ಬಂದ ಕಂತನ್ನು ಓದಿದರೆ ಕಥೆ ಇನ್ನೂ ಮುಂದಕ್ಕೆ ಹೋಗುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಮಂಗಳ ಹಾಡಬೇಡಿ. ಮೂರು ವಾರ ರಜೆ ಕೊಟ್ಟು, ಮರಳುವ ತಾರೀಕನ್ನೂ ಅಂದೇ ಬರೆದಿಡಿ. ತಾರೀಕಿಲ್ಲದ ರಜೆಯಿಂದ ಯಾರೂ ಮರಳುವುದಿಲ್ಲ.

ಮುಗಿತಾಯದ ಲಕ್ಷಣ ಕಥೆಯ ಒಳಗೆ ಕಾಣುತ್ತದೆ. ಏನಾದರೂ ನಡೆಯಬೇಕೆಂದರೆ ಹೊಸ ಪಾತ್ರವನ್ನೇ ತರಬೇಕಾಗುತ್ತದೆ, ಏಕೆಂದರೆ ಇರುವವರ ನಡುವೆ ನಡೆಯಬೇಕಾದದ್ದೆಲ್ಲ ನಡೆದುಹೋಗಿದೆ. ಒಂದೇ ಜಗಳ ಬೇರೆ ಕೋಣೆಯಲ್ಲಿ ಮತ್ತೆ ನಡೆಯುತ್ತದೆ: 14ನೇ ಕಂತಿನಲ್ಲಿ ಜಗುಲಿಯ ಮೇಲೆ, 19ರಲ್ಲಿ ಅಡಿಗೆಮನೆಯಲ್ಲಿ, 22ರಲ್ಲಿ ಫೋನಿನಲ್ಲಿ. ಪ್ರತಿ ಕಂತಿನ ಕೊನೆಯ ಸಾಲೂ ‘ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು’ ಎನ್ನುವ ಜಾತಿಗೆ ಸೇರುತ್ತದೆ. ಮುಂದಿನ ಕಂತು ಬರೆಯುವವರು ಮೊದಲ ಐದು ಸಾಲಿನಲ್ಲಿ ಆ ಬಾಗಿಲು ತೆಗೆದು, ಬಂದವರು ಹಾಲಿನವರು ಎಂದು ಹೇಳಿ ಸುಮ್ಮನಾಗುತ್ತಾರೆ. ಇವುಗಳಲ್ಲಿ ಎರಡು ಲಕ್ಷಣ ಸತತ ನಾಲ್ಕು ಕಂತುಗಳಲ್ಲಿ ಕಂಡರೆ ಕಥೆ ತನ್ನ ದಡ ಮುಟ್ಟಿದೆ ಎಂದು ತಿಳಿಯಿರಿ.

ಎರಡೂ ಒಟ್ಟಿಗೆ ಕಂಡರೆ? ಮೊದಲು ರಜೆ, ಆಮೇಲೆ ಮುಕ್ತಾಯ. ದಣಿದವರ ಕೈಯಲ್ಲೇ ಬಸ್ಸು ಉರುಳುವುದು.

## 2. ಮೂಲ ಪ್ರಶ್ನೆಯನ್ನು ಗುಟ್ಟಾಗಿ ಬರೆಯಿಸಿ

ಮೊದಲ ಎರಡು ಕಂತುಗಳನ್ನು ಎಲ್ಲರೂ ಮತ್ತೆ ಓದಲಿ. ಆಮೇಲೆ ಪ್ರತಿಯೊಬ್ಬರೂ ಮಿಕ್ಕವರಿಗೆ ತೋರಿಸದೆ ಎರಡು ವಾಕ್ಯ ಬರೆದು ಒಬ್ಬರಿಗೆ ಕಳಿಸಲಿ. ಈ ಕಥೆ ಕೇಳುತ್ತಿರುವ ಪ್ರಶ್ನೆ ಯಾವುದು ಎಂಬುದು ಒಂದು, ನನ್ನ ಕಣ್ಣಿಗೆ ಕಾಣುವ ಕೊನೆಯ ಚಿತ್ರ ಯಾವುದು ಎಂಬುದು ಇನ್ನೊಂದು. ಗುಟ್ಟಾಗಿ ಬರೆಯಿಸುವುದು ಮುಖ್ಯ. ಗುಂಪಿನಲ್ಲಿ ಕೇಳಿದರೆ ಮೊದಲು ಬಾಯಿ ಬಿಟ್ಟವರ ಉತ್ತರಕ್ಕೆ ಉಳಿದವರು ಹೂಂ ಎನ್ನುತ್ತಾರೆ.

ಹಲವರು ಸೇರಿ ಬರೆಯುವ ಕಥೆಯಲ್ಲಿ ಇದು ಹಳೆಯ ಉಪಾಯ. 1931ರಲ್ಲಿ ಇಂಗ್ಲೆಂಡಿನ ಡಿಟೆಕ್ಷನ್ ಕ್ಲಬ್‌ನ ಪತ್ತೇದಾರಿ ಲೇಖಕರು ಸರದಿಯ ಮೇಲೆ ‘ದಿ ಫ್ಲೋಟಿಂಗ್ ಅಡ್ಮಿರಲ್’ ಬರೆದಾಗ, ತನ್ನ ಮನಸ್ಸಿನಲ್ಲಿ ಒಂದು ಖಚಿತ ಪರಿಹಾರ ಇಟ್ಟುಕೊಂಡೇ ಬರೆಯಬೇಕು, ಹಿಂದಿನವರು ಬಿಟ್ಟ ತೊಡಕುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನಿಯಮ ಮಾಡಿಕೊಂಡಿದ್ದರು. ಹಾಗಿದ್ದೂ ಕೊನೆಯ ಅಧ್ಯಾಯ ಬರೆದ ಆಂಥನಿ ಬರ್ಕ್‌ಲಿ ಅದಕ್ಕೆ ‘ರಾಡಿ ತೊಳೆಯುವುದು’ ಎಂಬ ಅರ್ಥದ ಹೆಸರಿಟ್ಟರು. ನಿಯಮವಿದ್ದ ಪಳಗಿದ ಕೈಗಳ ಪಾಡೇ ಹಾಗಾದರೆ ನಿಯಮವಿಲ್ಲದ ಗುಂಪಿನದು ಹೇಗಿರಬೇಡ.

ಮಾದರಿ ಕಥೆಯ ಐವರಲ್ಲಿ ಮೂವರು ‘ಮನೆ ಪಾಲಾಗುತ್ತದೋ’ ಎಂದು ಬರೆದರು, ಒಬ್ಬರು ‘ಅಣ್ಣತಮ್ಮ ಮಾತಾಡುತ್ತಾರೋ’ ಎಂದರು, ಇನ್ನೊಬ್ಬರು ‘ಅಮ್ಮ ಎಲ್ಲಿರುತ್ತಾಳೆ’ ಎಂದರು ಅಂದುಕೊಳ್ಳಿ. ಇದು ಒಳ್ಳೆಯ ಫಲ. ಮೂರೂ ಒಂದೇ ಬುಡದ ಕೊಂಬೆಗಳು. ಐದು ಜನ ಐದು ಸಂಬಂಧವಿಲ್ಲದ ಪ್ರಶ್ನೆ ಬರೆದರೆ ಕಥೆ ಮುಗಿಯುವ ಹಂತಕ್ಕೆ ಬಂದಿಲ್ಲ. ಆಗ ಮುಗಿಸಹೊರಟರೆ ನಾಲ್ವರಿಗೆ ಮೋಸವಾದಂತೆ ಅನ್ನಿಸುತ್ತದೆ. ಇನ್ನೂ ಮೂರ್ನಾಲ್ಕು ಕಂತು ಬರೆದು, ಯಾವ ಪ್ರಶ್ನೆಯತ್ತ ಎಲ್ಲರ ಕೈ ಹೋಗುತ್ತದೆ ನೋಡಿ ಮತ್ತೆ ಕೇಳಿ.

## 3. ಬಾಗಿಲು ಹಾಕಿ

ಮುಗಿಸಲು ಒಪ್ಪಿದ ದಿನವೇ ಒಂದು ಗೆರೆ ಎಳೆಯಿರಿ: ಇನ್ನು ಮುಂದೆ ಹೊಸ ಪಾತ್ರವಿಲ್ಲ, ಹೊಸ ಗುಟ್ಟಿಲ್ಲ, ಹೊಸ ಊರಿಲ್ಲ. ಕೆಲಸಕ್ಕೆ ಬೇಕಾದ ಹೆಸರಿಲ್ಲದವರು ಬರಬಹುದು. ಸರ್ವೆಯವರು, ಆಟೋದವರು, ಅಡಿಕೆ ಸುಲಿಯಲು ಬಂದವರು ಬರಲಿ. ಅವರಿಗೆ ಹಿನ್ನೆಲೆ ಕೊಡಬಾರದು, ಅಷ್ಟೇ.

ಈ ಗೆರೆಯನ್ನು ದಾಟುವವರು ಸಾಮಾನ್ಯವಾಗಿ ಗುಂಪಿನ ಅತ್ಯಂತ ಉತ್ಸಾಹಿಗಳು. ಮುಗಿಯುವುದು ಅವರಿಗೆ ಇಷ್ಟವಿರುವುದಿಲ್ಲ, ಆದರೆ ಹಾಗೆಂದು ಹೇಳದೆ ಒಂದು ಕಂತಿನ ತುದಿಯಲ್ಲಿ ಅಪರಿಚಿತ ಹೆಂಗಸನ್ನು ಗೇಟಿನ ಹತ್ತಿರ ತಂದು ನಿಲ್ಲಿಸುತ್ತಾರೆ. ಆ ಸಾಲನ್ನು ತೆಗೆಯಲು ಕೇಳಿ. ಆ ಹೆಂಗಸಿಗೆ ಬೇರೆಯೇ ಕಥೆ ಬರೆಯಬಹುದು ಎಂದೂ ಹೇಳಿ, ಅದು ನಿಜವೂ ಹೌದು.

## 4. ಎಳೆಗಳ ಪಟ್ಟಿ ಮಾಡಿ

ಇಬ್ಬರು ಬೇರೆ ಬೇರೆಯಾಗಿ ಮೊದಲಿನಿಂದ ಓದಬೇಕು. 23 ಕಂತಿಗೆ 16,000 ಪದದಷ್ಟಾಗುತ್ತದೆ, ಎರಡು ಸಂಜೆಯ ಕೆಲಸ. ಓದುವಾಗ ಓದುಗರಿಗೆ ‘ಇದು ಮುಂದೆ ಏನಾಗುತ್ತದೆ’ ಎನ್ನಿಸಬಹುದಾದ ಪ್ರತಿಯೊಂದನ್ನೂ ಬರೆದುಕೊಳ್ಳಿ. ಪಟ್ಟಿಗೆ ನಾಲ್ಕೇ ಕಾಲಂ ಸಾಕು: ಎಳೆ, ಯಾವ ಕಂತಿನಲ್ಲಿ ಶುರು, ಕೊನೆಗೆ ಯಾವ ಕಂತಿನಲ್ಲಿ ಕಂಡಿತು, ಅದಕ್ಕಾಗಿ ಯಾವ ಪಾತ್ರ ಕಾಯುತ್ತಿದೆ. ನಾಲ್ಕನೆಯ ಕಾಲಮ್ಮೇ ಮುಂದಿನ ಹಂತದ ಕೀಲಿಕೈ. ಅದನ್ನು ತುಂಬದೆ ಬಿಡಬೇಡಿ. ಯಾರೂ ಕಾಯುತ್ತಿಲ್ಲದಿದ್ದರೆ ‘ಯಾರೂ ಇಲ್ಲ’ ಎಂದೇ ಬರೆಯಿರಿ.

ಇಬ್ಬರ ಪಟ್ಟಿಯನ್ನೂ ಸೇರಿಸಿದಾಗ ಮಾದರಿ ಕಥೆಯಲ್ಲಿ ಸಿಕ್ಕ ಎಳೆಗಳು 14. ಮನೆಯ ಪಾಲು. ವೀಣಾ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೋ ಎಂಬುದು. ಯಜಮಾನರ ಬೀಗ ಹಾಕಿದ ಟ್ರಂಕು. ಸೊಸೈಟಿಯಲ್ಲಿ ಅವರು ಮಾಡಿದ್ದ ಸಾಲ. ಅಮ್ಮ ಎಲ್ಲಿರುವುದು. ಅಣ್ಣತಮ್ಮಂದಿರ ಮುರಿದ ಮಾತು. ಇವು ದೊಡ್ಡವು. ಬಾವಿ ಕೆಸರು ತೆಗೆಸುವಾಗ ಸಿಕ್ಕ ಉಂಗುರ, ರಾತ್ರಿ ಬಂದು ಎತ್ತಿದೊಡನೆ ಕಡಿದುಹೋಗುವ ಫೋನು, ಪಕ್ಕದ ತೋಟದವರ ಬೇಲಿ ತಕರಾರು, ಗಣಪತಿಯ ಮಗಳ ಪಿಯುಸಿ ಫಲಿತಾಂಶ, ಕಳೆದುಹೋದ ನಾಯಿ, ವೀಣಾಳ ಕಚೇರಿಯಲ್ಲಿ ಒಮ್ಮೆ ಸುಳಿದ ಸಹೋದ್ಯೋಗಿ, ವರ್ಷಗಳ ಹಿಂದೆ ಮನೆ ಬಿಟ್ಟುಹೋದ ಚಿಕ್ಕಪ್ಪ, ಸಾಯುವ ಮುನ್ನ ಯಜಮಾನರು ಅರ್ಧಕ್ಕೆ ನಿಲ್ಲಿಸಿದ ಒಂದು ಮಾತು.

ಪಟ್ಟಿ ನೋಡಿ ಗಾಬರಿಯಾಗುವುದು ಸಹಜ. 14 ಎಳೆಗೆ 14 ಕಂತು ಎಂಬ ಲೆಕ್ಕ ಯಾರೋ ಹಾಕುತ್ತಾರೆ, ‘ಹಾಗಾದರೆ ಎಲ್ಲ ಒಂದರಲ್ಲೇ ಹೇಳಿಬಿಡೋಣ’ ಎಂದು ಇನ್ಯಾರೋ ಹೇಳುತ್ತಾರೆ. ಅವಸರ ಹುಟ್ಟುವ ಗಳಿಗೆ ಇದೇ. ಈ ದಿನ ಏನನ್ನೂ ತೀರ್ಮಾನಿಸದೆ ಪಟ್ಟಿಯನ್ನು ಎರಡು ದಿನ ಹಾಗೇ ಬಿಡಿ.

## 5. ಎಳೆಗಳನ್ನು ವಿಂಗಡಿಸಿ

ಈಗ ನಾಲ್ಕನೆಯ ಕಾಲಂ ನೋಡಿ. ಒಂದು ಪಾತ್ರ ಆಸೆಯಿಂದಲೋ ಭಯದಿಂದಲೋ ಕಾಯುತ್ತಿರುವ ಎಳೆಗೆ ಪೂರ್ತಿ ದೃಶ್ಯ ಬೇಕು. ಓದುಗರ ಕಣ್ಣೆದುರೇ ಅದು ತೀರಬೇಕು. ನಮ್ಮ ಕಥೆಯ ಮೊದಲ ಆರು ಹೀಗೆ.

ಪಾತ್ರಕ್ಕೆ ಬೇಕು, ಆದರೆ ಅದರಿಂದ ಯಾರ ದಾರಿಯೂ ಬದಲಾಗುವುದಿಲ್ಲ ಎಂದಾದರೆ ಒಂದು ಸಾಲು ಸಾಕು. ಬೇಲಿ, ಫಲಿತಾಂಶ, ನಾಯಿ ಈ ಸಾಲಿಗೆ ಸೇರುತ್ತವೆ. ಒಂದು ಸಾಲು ಎಂದರೆ ವರದಿಯಲ್ಲ. ‘ನಾಯಿ ಕೊನೆಗೂ ಸಿಗಲಿಲ್ಲ’ ಎಂದು ಬರೆದರೆ ಟಿಕ್ ಹಾಕಿದ ಹಾಗಿರುತ್ತದೆ. ‘ಗಣಪತಿ ಕಂಬಕ್ಕೆ ಕಟ್ಟಿದ್ದ ಸರಪಳಿ ಬಿಚ್ಚಿ ಅಟ್ಟಕ್ಕೆ ಹಾಕಿದ’ ಎಂದರೆ ನಾಯಿಯ ಕಥೆ ಮುಗಿಯಿತು, ಗಣಪತಿಯ ಮನಸ್ಸೂ ಕಂಡಿತು.

ಇನ್ನು ಕಗ್ಗಂಟಾಗುವುವು ಉಂಗುರ, ಫೋನಿನಂಥವು. ಯಾರೋ ಕುತೂಹಲಕ್ಕೆಂದು ಹಾಕಿ ಮರೆತದ್ದು. ಓದುಗರು ಈಗಾಗಲೇ ಓದಿರುವುದರಿಂದ ಹಿಂದೆ ಹೋಗಿ ಅಳಿಸುವಂತಿಲ್ಲ, ಹೊಸ ವಿವರಣೆ ಕೊಡಹೊರಟರೆ ಹೊಸ ಗುಟ್ಟು ಹುಟ್ಟುತ್ತದೆ. ಇವನ್ನು ಈಗಾಗಲೇ ಇರುವ ದೊಡ್ಡ ಎಳೆಗೆ ಹೆಣೆಯಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಇರುವ ಪಾತ್ರಗಳಲ್ಲಿ ಯಾರು ಇದನ್ನು ಮಾಡಿರಬಹುದು? ರಾತ್ರಿ ಫೋನು ಮಾಡಿ ಗಣಪತಿಯ ದನಿ ಕೇಳಿದೊಡನೆ ಇಡುವವನು ಶ್ರೀಧರನೇ, ಅಮ್ಮ ಎತ್ತಲಿ ಎಂದು ಕಾಯುತ್ತಿದ್ದವನು. ಫೋನಿನ ಎಳೆ ತೀರಿತು, ಮುರಿದ ಮಾತಿನ ಎಳೆಗೆ ಬಲ ಬಂತು. ಉಂಗುರ ಅಮ್ಮನದೇ ಆಗಲಿ. ಆಕೆ ಗುರುತಿಸಿ ಬೆರಳಿಗೆ ಹಾಕಿಕೊಂಡರೆ ಸಾಕು, ಅದು ಬಾವಿಗೆ ಹೇಗೆ ಬಿತ್ತು ಎಂದು ಹೇಳಬೇಕಿಲ್ಲ.

ಚಿಕ್ಕಪ್ಪ ಮತ್ತು ಅರ್ಧ ಮಾತನ್ನು ಹಾಗೇ ಬಿಡಬಹುದು. ಆದರೆ ಬಿಡುವುದು ಬೇರೆ, ಮರೆಯುವುದು ಬೇರೆ. ನಾವು ಬೇಕೆಂದೇ ಬಿಟ್ಟದ್ದು ಎಂದು ಓದುಗರಿಗೆ ಗೊತ್ತಾಗಬೇಕಾದರೆ ಮುಕ್ತಾಯದ ಕಂತುಗಳಲ್ಲಿ ಒಂದು ಪಾತ್ರ ಅದನ್ನು ಒಮ್ಮೆ ನೆನೆದು ಕೈಬಿಡಬೇಕು. ಪಾಲು ಪಟ್ಟಿ ಬರೆಯುವಾಗ ‘ಚಿಕ್ಕಪ್ಪ ಬಂದರೆ?’ ಎಂದು ಯಾರೋ ಕೇಳಿ, ಯಾರೂ ಉತ್ತರಿಸದಿದ್ದರೆ ಆಯಿತು. ಇಂಥವು ಎರಡಕ್ಕಿಂತ ಹೆಚ್ಚಾದರೆ ಓದುಗರು ಅದನ್ನು ಸೋಮಾರಿತನ ಎಂದೇ ಓದುತ್ತಾರೆ. ಉಳಿದ ಸಹೋದ್ಯೋಗಿ 17ನೇ ಕಂತಿನಲ್ಲಿ ಎರಡು ಸಾಲಿಗಷ್ಟೇ ಬಂದವನು, ಯಾರೂ ಅವನಿಗಾಗಿ ಕಾಯುತ್ತಿಲ್ಲ. ಸುಮ್ಮನಿರಿ.

ವಿಂಗಡಿಸಿದ ಮೇಲೆ ಉಳಿದದ್ದು ಆರು ದೃಶ್ಯ. ಒಂದು ಕಂತಿಗೆ ಸರಾಸರಿ ಒಂದು ದೃಶ್ಯವೆಂದರೆ ಆರು ಕಂತು. ಈವರೆಗೆ ಬರೆದದ್ದರ ನಾಲ್ಕನೇ ಒಂದು ಭಾಗದಷ್ಟು ಜಾಗ ಮುಕ್ತಾಯಕ್ಕೆ ಸಿಕ್ಕರೆ ಓದುವಾಗ ಉಸಿರು ಕಟ್ಟುವುದಿಲ್ಲ. 23ಕ್ಕೆ ಆರು ಸರಿಹೋಗುತ್ತದೆ.

## 6. ಒಂದಕ್ಕೊಂದು ಆತುಕೊಂಡಿರುವುದನ್ನು ನೋಡಿ ಕ್ರಮ ಹಾಕಿ

ಹೆಚ್ಚಿನ ಗುಂಪುಗಳು ಎಡವುವುದು ಇಲ್ಲಿ. ದೊಡ್ಡದನ್ನು ಕೊನೆಗೆ ಇಡಬೇಕು ಎಂದುಕೊಂಡು ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತಾರೆ. ಗಾತ್ರ ನೋಡಬೇಡಿ, ಯಾವುದು ತಿಳಿಯದೆ ಯಾವುದು ತೀರುವುದಿಲ್ಲ ಎಂಬುದನ್ನು ನೋಡಿ. ಕಾಗದದ ಮೇಲೆ ಎಳೆಗಳನ್ನು ಬರೆದು, ‘ಇದಾಗದೆ ಅದಾಗದು’ ಎನ್ನುವ ಕಡೆಗೆಲ್ಲ ಬಾಣ ಎಳೆಯಿರಿ.

ಟ್ರಂಕು ತೆರೆಯದೆ ಸಾಲದ ಕಾಗದ ಹೊರಬರುವುದಿಲ್ಲ. ಸಾಲ ಗೊತ್ತಾಗದೆ ಪಾಲಿನ ಲೆಕ್ಕವಿಲ್ಲ. ವೀಣಾ ತೀರ್ಮಾನಿಸದೆ ಪಾಲು ಎಷ್ಟು ಎಂದೇ ಇಲ್ಲ. ಪಾಲಾಗದೆ ಅಮ್ಮ ಎಲ್ಲಿರುವುದೆಂಬ ಮಾತು ಏಳುವುದಿಲ್ಲ. ಅಣ್ಣತಮ್ಮಂದಿರ ಮಾತು ಇದೆಲ್ಲದರ ಮೇಲೆ ನಿಂತಿದೆ. ಕ್ರಮ ತಾನಾಗಿಯೇ ಬಂತು.

ಬಾಣ ಎಳೆಯುವಾಗಲೇ ಲೋಕದ ನಿಜವನ್ನೂ ಒರೆಗೆ ಹಚ್ಚಿ. ನಮ್ಮ ಕಥೆಯಲ್ಲಿ ಯಾರಿಗೂ ಗೊತ್ತಿಲ್ಲದ ಸೊಸೈಟಿ ಸಾಲವೊಂದು ಟ್ರಂಕಿನಿಂದ ಹೊರಬರುತ್ತದೆ ಎಂದು ಯೋಚನೆ ಇತ್ತು. ಆದರೆ ತೋಟದ ಮೇಲೆ ಸಾಲ ಮಾಡಿದರೆ ಅದು ಪಹಣಿಯ ಋಣದ ಕಾಲಂಗೆ ಏರುತ್ತದೆ, ಮತ್ತು ತೋಟ ನೋಡಿಕೊಳ್ಳುವ ಗಣಪತಿ ಪಹಣಿ ನೋಡದೆ ಇರುವವನಲ್ಲ. ಅಂದರೆ ಅವನಿಗೆ ಗೊತ್ತಿತ್ತು, ತಮ್ಮನಿಗೆ ಹೇಳಲಿಲ್ಲ. ದೋಷ ಹುಡುಕಲು ಹೋಗಿ ಕಥೆಗೆ ಬೇಕಾಗಿದ್ದ ಕಾರಣವೇ ಸಿಕ್ಕಿತು: ಅಣ್ಣತಮ್ಮ ಮಾತು ಬಿಟ್ಟದ್ದು ಏಕೆ ಎಂದು 23 ಕಂತಿನಲ್ಲಿ ಯಾರೂ ಸರಿಯಾಗಿ ಹೇಳಿರಲಿಲ್ಲ. ಹಾಗೆಯೇ ವೀಣಾಳಿಗೆ ಪಾಲು ಇದೆಯೋ ಇಲ್ಲವೋ ಎಂಬುದನ್ನು ಗುಟ್ಟು ಮಾಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಓದುಗರಿಗೆ ಅದು ಗೊತ್ತು. ಆಕೆ ಬಿಟ್ಟುಕೊಡುತ್ತಾಳೋ ಎಂಬುದಷ್ಟೇ ಪ್ರಶ್ನೆ.

ಕೊನೆಗೆ ಹಂಚಿಕೆ ಹೀಗಾಯಿತು. 24ರಲ್ಲಿ ಟ್ರಂಕು ತೆರೆದು ಸೊಸೈಟಿಯ ನೋಟಿಸು ಕಾಣುವುದು, ನಾಯಿಯ ಸರಪಳಿ. 25ರಲ್ಲಿ ಗಣಪತಿಗೆ ಗೊತ್ತಿತ್ತೆಂಬುದು ಬಯಲಾಗುವುದು, ರಾತ್ರಿಯ ಫೋನು ಯಾರದೆಂದು ತನಗೆ ಮೊದಲೇ ಗೊತ್ತಿತ್ತು ಎಂದು ಅಮ್ಮ ಹೇಳುವುದು. 26 ವೀಣಾಳದು, ಫಲಿತಾಂಶ ಅದರಲ್ಲೇ ಒಂದು ಸಾಲು. 27ರಲ್ಲಿ ಸರ್ವೆ, ಬೇಲಿ, ಪಾಲು ಪಟ್ಟಿ, ಚಿಕ್ಕಪ್ಪನ ಪ್ರಶ್ನೆ. 28 ಅಮ್ಮ ಮತ್ತು ಉಂಗುರ. 29 ಕೊನೆಯದು. ಮೂಲ ಪ್ರಶ್ನೆಗೆ ಉತ್ತರ 27ರಲ್ಲೇ ಸಿಕ್ಕಿಬಿಡುತ್ತದೆ, ಕೊನೆಯ ಕಂತಿನಲ್ಲಲ್ಲ. ಪಾಲಾದ ಮೇಲೆ ಆ ಮನೆಯಲ್ಲಿ ಮಾರನೇ ದಿನ ಹೇಗೆ ಬೆಳಗಾಗುತ್ತದೆ ಎಂದು ನೋಡಲು ಓದುಗರಿಗೆ ಎರಡು ಕಂತಿನಷ್ಟು ಜಾಗ ಬೇಕು.

## 7. ಯಾರು ಬರೆಯುವುದು

ಎಳೆ ಶುರು ಮಾಡಿದವರೇ ಮುಗಿಸಬೇಕೆಂದಿಲ್ಲ. ಎಷ್ಟೋ ಸಲ ಅವರಿಗೆ ಅದರ ಮೇಲೆ ಮೋಹ ಹೆಚ್ಚು, ಮೂರು ಸಾಲಿನದನ್ನು ಮೂರು ಪುಟ ಮಾಡುತ್ತಾರೆ. ಆದರೆ ಒಂದು ಪಾತ್ರವನ್ನು ಮೊದಲಿನಿಂದ ಬೆಳೆಸಿದವರು ಇದ್ದರೆ, ಆ ಪಾತ್ರದ ಸಾವು, ಮದುವೆ, ದ್ರೋಹ ಈ ಮೂರಕ್ಕೆ ಅವರ ಒಪ್ಪಿಗೆ ಕೇಳಿ.

ನಡುವೆ ಗುಂಪು ಬಿಟ್ಟವರ ಪಾತ್ರ ಉಳಿದಿದ್ದರೆ ಒಮ್ಮೆ ಬರೆದು ಕೇಳಿ, ಹತ್ತು ದಿನ ಕಾಯಿರಿ. ಉತ್ತರ ಬಾರದಿದ್ದರೆ ಆ ಪಾತ್ರವನ್ನು ಕೊಲ್ಲದೆ, ಕೆಡಿಸದೆ, ಇದ್ದ ಹಾಗೇ ಊರಿಗೆ ಕಳಿಸಿಕೊಡಿ.

## 8. ಬರೆಯುವಾಗ ಗಮನಿಸಬೇಕಾದ ಅಪಾಯ

ವಾರಕ್ಕೆ ಒಂದು ಕಂತು ಸಾಕು. ಮುಗಿಯುವುದು ಹತ್ತಿರವಾದಂತೆ ಕೈ ಓಡುತ್ತದೆ, ಎರಡು ದಿನಕ್ಕೊಂದು ಬರುತ್ತದೆ. ತಡೆಯಿರಿ. ಹಿಂದಿನ ಕಂತನ್ನು ಎಲ್ಲರೂ ಓದಿದ್ದಾರೆ ಎಂದು ಖಚಿತವಾದ ಮೇಲೆ ಮುಂದಿನದು.

ಅವಸರವನ್ನು ಅಳೆಯುವುದು ಸುಲಭ. ಕಂತಿನಲ್ಲಿ ಮಾತುಕತೆಯನ್ನಷ್ಟೇ ಗುರುತು ಮಾಡಿ ನೋಡಿ. ಹಿಂದೆ ನಡೆದದ್ದನ್ನು ವಿವರಿಸುವ ಮಾತೇ ಅರ್ಧಕ್ಕಿಂತ ಹೆಚ್ಚಿದ್ದರೆ ದೃಶ್ಯವನ್ನು ಬರೆದಿಲ್ಲ, ಲೆಕ್ಕ ಒಪ್ಪಿಸಿದ್ದೀರಿ. ಒಂದು ಕಂತು 700ರಿಂದ 1,400 ಪದಕ್ಕೆ ಹಿಗ್ಗಿದರೆ ಎರಡು ದೃಶ್ಯವನ್ನು ಒಂದರಲ್ಲಿ ತುರುಕಿದ್ದೀರಿ, ಒಡೆದು ಎರಡು ಮಾಡಿ. ಒಂದು ಎಳೆ ಮುಚ್ಚಲು ಹೋಗಿ ಎರಡು ಹೊಸ ಎಳೆ ಬಿಚ್ಚಿಕೊಂಡರೆ ಮುಚ್ಚುವ ದಾರಿಯೇ ತಪ್ಪು. ಐದನೇ ಹಂತಕ್ಕೆ ಮರಳಿ ಅದನ್ನು ಬೇರೆ ಎಳೆಗೆ ಹೆಣೆಯಲು ನೋಡಿ.

ಟ್ರಂಕಿನಲ್ಲಿ ಸತ್ತವರ ಹನ್ನೆರಡು ಪುಟದ ಪತ್ರ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಒಂದೇ ಪತ್ರದಲ್ಲಿ ಎಲ್ಲ ಗುಟ್ಟು ಬಯಲು. ಬೇಡ. ಪತ್ರ ಬಂದ ಕೂಡಲೇ ಬದುಕಿರುವವರು ಕೇಳುಗರಾಗಿಬಿಡುತ್ತಾರೆ. ನೋಟಿಸಿನಲ್ಲಿ ಒಂದು ಮೊತ್ತ, ಒಂದು ತಾರೀಕು ಇರಲಿ. ಉಳಿದದ್ದನ್ನು ಮನೆಯವರು ಒಬ್ಬರ ಮುಖ ಒಬ್ಬರು ನೋಡಿ ತಿಳಿದುಕೊಳ್ಳಲಿ. ‘ಇಪ್ಪತ್ತು ವರ್ಷಗಳ ನಂತರ’ ಎಂದು ಹಾರುವುದೂ ಇದೇ ಜಾತಿಯ ರೋಗ, ಕಷ್ಟದ ದೃಶ್ಯವನ್ನು ಬರೆಯದೆ ತಪ್ಪಿಸಿಕೊಳ್ಳುವ ದಾರಿ.

## 9. ಕೊನೆಯ ಕಂತು

ಇದನ್ನು ಒಬ್ಬರೇ ಬರೆಯಬೇಕು. ಎಲ್ಲರ ಆಸೆಗೂ ಜಾಗ ಕೊಡಲು ಐವರ ಕೊನೆಯ ಸಾಲುಗಳನ್ನು ಒಟ್ಟು ಹಾಕಿದರೆ ಕಥೆ ಐದು ಸಲ ಮುಗಿಯುತ್ತದೆ, ಒಂದು ಸಲವೂ ಮುಗಿಯುವುದಿಲ್ಲ. ಎರಡನೇ ಹಂತದಲ್ಲಿ ಬರೆಯಿಸಿದ ಕೊನೆಯ ಚಿತ್ರಗಳನ್ನು ಈಗ ತೆರೆಯಿರಿ. 24ರಿಂದ 28ರವರೆಗೆ ಬರೆದದ್ದಕ್ಕೆ ಯಾವುದು ಹೊಂದುತ್ತದೋ ಅದನ್ನು ಆರಿಸಿ, ಅದನ್ನು ಕಂಡವರಿಗೇ ಬರೆಯಲು ಕೊಡಿ. ಉಳಿದವರು ತಿದ್ದುವುದನ್ನು `Suggesting` ಮೋಡ್‌ನಲ್ಲಿ ಮಾಡಲಿ. ಒಪ್ಪುವುದು, ಬಿಡುವುದು ಬರೆದವರಿಗೆ ಬಿಟ್ಟದ್ದು.

ಗಾತ್ರ ಕಡಿಮೆ ಇರಲಿ, 400 ಪದ ಸಾಕು. ಇಲ್ಲಿ ಉಳಿದಿರುವುದು ಅಣ್ಣತಮ್ಮಂದಿರ ಮಾತೊಂದೇ. ಕ್ಷಮೆ ಕೇಳಿಸಬೇಡಿ, ತಬ್ಬಿಕೊಳ್ಳಿಸಬೇಡಿ. 23 ಕಂತು ಬಿಗಿದುಕೊಂಡಿದ್ದವರು ಹಾಗೆಲ್ಲ ಮಾಡುವುದಿಲ್ಲ. ಬೆಳಗ್ಗೆ ತೋಟಕ್ಕೆ ನೀರು ಬಿಡಲು ಹೋದ ಗಣಪತಿ, ಬೇಲಿಯ ಆಚೆ ತನ್ನ ಪಾಲಿನಲ್ಲಿ ನಿಂತ ತಮ್ಮನಿಗೆ ‘ಮೋಟರಿನ ಫ್ಯೂಸು ಹೋಗಿದ್ಯೋ ನೋಡು’ ಎನ್ನಲಿ. ಶ್ರೀಧರ ನೋಡಲು ಹೋಗಲಿ. ಮೊದಲ ಕಂತಿನಲ್ಲಿದ್ದ ಒಂದು ವಸ್ತು ಇಲ್ಲಿ ಮತ್ತೆ ಬಂದರೆ ಒಳ್ಳೆಯದು, ಹದಿಮೂರನೇ ದಿನ ಎಲೆ ಕೊಯ್ದ ಬಾಳೆಯ ಬುಡದಲ್ಲಿ ಹೊಸ ಸುಳಿ ಬಂದಿರುವ ಹಾಗೆ. ಅದನ್ನು ತೋರಿಸಿ ಬಿಡಿ, ಅರ್ಥ ಹೇಳಬೇಡಿ.

ಕೊನೆಯ ಪ್ಯಾರಾ ಬರೆದ ಮೇಲೆ ಅದನ್ನು ಬೆರಳಿನಿಂದ ಮುಚ್ಚಿ ಓದಿ. ಅದರ ಹಿಂದಿನ ಪ್ಯಾರಾದಲ್ಲೇ ಕಥೆ ನಿಲ್ಲುವುದಾದರೆ ಕೊನೆಯದನ್ನು ತೆಗೆಯಿರಿ. ಹತ್ತರಲ್ಲಿ ಆರು ಸಲ ತೆಗೆಯಬೇಕಾಗುತ್ತದೆ ಎಂದು ಲೆಕ್ಕವಿಲ್ಲದಿದ್ದರೂ ಧೈರ್ಯವಾಗಿ ಹೇಳಬಹುದು.

## 10. ಆರಲು ಬಿಟ್ಟು, ಹೊರಗಿನವರಿಂದ ಓದಿಸಿ

29ನ್ನು ಯಾರಿಗೂ ಕೊಡದೆ ಹತ್ತು ದಿನ ಇಡಿ. ಆಮೇಲೆ ಮೊದಲೇ ಹೇಳಿಟ್ಟಿದ್ದ ಆ ಓದುಗರಿಗೆ 24ರಿಂದ 29ರವರೆಗೆ ಒಟ್ಟಿಗೆ ಕೊಟ್ಟು, ‘ಚೆನ್ನಾಗಿದೆಯಾ’ ಎಂದು ಕೇಳದೆ, ಓದಿ ಮುಗಿದ ಮೇಲೆ ತಲೆಯಲ್ಲಿ ಉಳಿದ ಪ್ರಶ್ನೆಗಳನ್ನಷ್ಟೇ ಬರೆದುಕೊಡಿ ಎನ್ನಿ.

ಬಂದ ಪ್ರಶ್ನೆಗಳು ಎರಡು ಬಗೆ. ‘ನೋಟಿಸಿನ ಸಾಲ ಕಟ್ಟಿದ್ದು ಯಾರು?’ ಎಂಬಂಥದ್ದು ಆಗಿಹೋದದ್ದನ್ನು ಕುರಿತದ್ದು. ಇದು ನಿಮ್ಮ ತಪ್ಪು, 27ರ ಪಾಲು ಪಟ್ಟಿಯಲ್ಲಿ ಒಂದು ಸಾಲು ಸೇರಿಸಬೇಕು. ‘ಅಮ್ಮ ಮುಂದಿನ ಮಳೆಗಾಲಕ್ಕೆ ಬೆಂಗಳೂರಿಗೆ ಹೋಗುತ್ತಾಳಾ?’ ಎಂಬಂಥದ್ದು ಮುಂದಾಗುವುದನ್ನು ಕುರಿತದ್ದು. ಅದನ್ನು ಮುಟ್ಟಬೇಡಿ. ಓದುಗರ ಮನಸ್ಸಿನಲ್ಲಿ ಅಮ್ಮ ಇನ್ನೂ ಓಡಾಡುತ್ತಿದ್ದಾರೆ ಎಂದರ್ಥ. ಮೊದಲ ಬಗೆಯವು ಮೂರಕ್ಕಿಂತ ಹೆಚ್ಚು ಬಂದರೆ ಸಾಲು ಸೇರಿಸುತ್ತಾ ಹೋಗದೆ ಆ ಕಂತನ್ನೇ ಮತ್ತೆ ಬರೆಯಿರಿ, ತೇಪೆ ಎದ್ದು ಕಾಣುತ್ತದೆ.

ತಿದ್ದಿದ ಮೇಲೆ `File > Version history > Name current version` ಒತ್ತಿ, ‘ಮುಕ್ತಾಯ’ ಎಂದು ಹೆಸರಿಟ್ಟು ತಾರೀಕು ಹಾಕಿ. ಹಂಚಿಕೆಯಲ್ಲಿ ಕಡತದ ಒಡೆಯರನ್ನು ಬಿಟ್ಟು ಉಳಿದ ಎಲ್ಲರನ್ನೂ `Viewer` ಮಾಡಿ. ಇದನ್ನು ಮಾಡದೆ ಬಿಟ್ಟ ಕಡತಗಳಲ್ಲಿ ಎರಡು ತಿಂಗಳಾದ ಮೇಲೆ ಯಾರೋ ಒಬ್ಬರು 30ನೇ ಕಂತು ಎಂದು ತಲೆಬರಹ ಹಾಕಿ, ಗೇಟಿನ ಹತ್ತಿರ ಆ ಅಪರಿಚಿತ ಹೆಂಗಸನ್ನು ಮತ್ತೆ ತಂದು ನಿಲ್ಲಿಸಿರುತ್ತಾರೆ.